ಸ್ಕೋರ್ ಪುಸ್ತಕದ ಫೋಟೊದಿಂದ ಪಂದ್ಯದ ಪಟ್ಟಿಗೆ

ಸ್ಕೋರ್ ಪುಸ್ತಕದಲ್ಲಿ ಬ್ಯಾಟಿನಿಂದ ಬಂದ ಪ್ರತಿ ರನ್ನೂ ಎರಡು ಕಡೆ ದಾಖಲಾಗುತ್ತದೆ: ಪುಟದ ಮೇಲ್ಭಾಗದಲ್ಲಿ ಬ್ಯಾಟರ್ ಹೆಸರಿನ ಮುಂದೆ, ಕೆಳಭಾಗದಲ್ಲಿ ಬೌಲರ್‌ನ ಓವರ್ ಚೌಕದೊಳಗೆ. ಪುಟದ ಫೋಟೊ ನೋಡಿ ಪಟ್ಟಿ ಮಾಡುವವರಿಗೆ ಇದೇ ದೊಡ್ಡ ಆಸರೆ. ಮೇಲೆ ಮಸುಕಾದ ಅಂಕಿಯನ್ನು ಕೆಳಗಿನ ಲೆಕ್ಕದಿಂದ ಹಿಡಿಯಬಹುದು. ಹಾಗಾಗಿ ಎರಡೂ ಭಾಗ ಒಂದೇ ಫೋಟೊದಲ್ಲಿ ಬಂದಿರಬೇಕು. ಹೊಲಿಗೆಯ ಬಳಿ ಮಡಿಕೆಯ ನೆರಳು ಬಿದ್ದರೆ ಮೊದಲು ಮಾಯವಾಗುವುದು ಅಂಚಿನಲ್ಲಿರುವ ಒಟ್ಟು ಮೊತ್ತದ ಅಂಕಣ.

ಬರೆದುಕೊಳ್ಳುವಾಗ ಬ್ಯಾಟರ್ ಹೆಸರು, ಔಟಾದ ಬಗೆ, ಬೌಲರ್, ರನ್ ಎಂಬ ನಾಲ್ಕು ಅಂಕಣ ಸಾಕು. ಎದುರಿಸಿದ ಚೆಂಡುಗಳ ಲೆಕ್ಕವನ್ನು ಬಹಳಷ್ಟು ಸ್ಕೋರರ್‌ಗಳು ಇಡುವುದಿಲ್ಲ. ಅಲ್ಲಿ ಸೊನ್ನೆ ಹಾಕದೆ ಖಾಲಿ ಬಿಡಬೇಕು. ಬ್ಯಾಟಿಂಗಿಗೇ ಇಳಿಯದವರ ರನ್ನಿಗೂ ಇದೇ ನಿಯಮ, ಏಕೆಂದರೆ ಸೊನ್ನೆಗೆ ಔಟಾಗುವುದು ಬೇರೆ, ಆಡದಿರುವುದು ಬೇರೆ.

20 ಓವರ್‌ಗಳ ಒಂದು ಪಂದ್ಯವನ್ನು ಊಹಿಸಿಕೊಳ್ಳೋಣ. ಮೊತ್ತ 7 ವಿಕೆಟ್‌ಗೆ 143. ಫೋಟೊದಲ್ಲಿ ಕಂಡಂತೆ ಒಂಬತ್ತು ಬ್ಯಾಟರ್‌ಗಳ ರನ್: 52, 31, 8, 11, 0, 11, 4, 6, 1. ಕೂಡಿದರೆ 124. ಬೈ 2, ಲೆಗ್‌ಬೈ 3, ವೈಡ್ 7, ನೋಬಾಲ್ 1, ಅಂದರೆ ಇತರೆ ರನ್ 13. ಒಟ್ಟು 137, ಆರು ರನ್ ಕಾಣೆ. ತಪ್ಪು ಎಲ್ಲಿದೆ ಎಂದು ಹೇಳುವುದು ಬೌಲಿಂಗ್ ಭಾಗ. ವೈಡ್, ನೋಬಾಲ್ ರನ್‌ಗಳು ಬೌಲರ್ ಖಾತೆಗೆ ಸೇರುತ್ತವೆ, ಬೈ ಮತ್ತು ಲೆಗ್‌ಬೈ ಸೇರುವುದಿಲ್ಲ. ಬೌಲರ್‌ಗಳು ಕೊಟ್ಟ ರನ್ 28, 24, 31, 33, 20, 2, ಒಟ್ಟು 138. ಅದಕ್ಕೆ ಬೈ, ಲೆಗ್‌ಬೈ ಐದು ಸೇರಿಸಿದರೆ 143. ಹಾಗಾದರೆ ಮೊತ್ತ ಸರಿ, ತಪ್ಪು ಬ್ಯಾಟಿಂಗ್ ಭಾಗದ್ದು. ನಾಲ್ಕನೆಯವನ ಸಾಲಿನಲ್ಲಿ ಹೊಡೆತಗಳು 1, 4, 1, 2, 4, 1, 4 ಎಂದಿವೆ, ಕೂಡಿದರೆ 17. ಸ್ಕೋರರ್ ಅವಸರದಲ್ಲಿ ಬರೆದ 7 ಫೋಟೊದಲ್ಲಿ 1ರಂತೆ ಕಂಡಿದೆ, ಅಷ್ಟೇ. ಒಟ್ಟು ಅಂಕಣಕ್ಕಿಂತ ಹೊಡೆತಗಳ ಸಾಲನ್ನು ನಂಬುವುದು ಮೇಲು.

ಓವರ್‌ಗಳ ತೊಡಕು ಬೇರೆ ಥರದ್ದು. ಇದೇ ಪಂದ್ಯದಲ್ಲಿ ನಾಲ್ವರು ತಲಾ 4 ಓವರ್ ಎಸೆದಿದ್ದಾರೆ, ಐದನೆಯವನು 3.4 ಓವರ್ ಮುಗಿಸಿ ಗಾಯಗೊಂಡಾಗ ಉಳಿದೆರಡು ಚೆಂಡುಗಳನ್ನು ಮತ್ತೊಬ್ಬ ಎಸೆದ, ಅವನದು 0.2. ಕಂಪ್ಯೂಟರ್ ಇವನ್ನು ದಶಮಾಂಶ ಎಂದೇ ತಿಳಿದು 19.6 ಎನ್ನುತ್ತದೆ. ಚುಕ್ಕಿಯ ಬಲಗಡೆ ಇರುವುದು ಚೆಂಡುಗಳ ಸಂಖ್ಯೆ, ಆರು ತುಂಬಿದರೆ ಒಂದು ಓವರ್. ಆದ್ದರಿಂದ ಪಕ್ಕದ ಅಂಕಣದಲ್ಲಿ ಓವರನ್ನು ಚೆಂಡುಗಳಾಗಿ ಬದಲಿಸಬೇಕು. ಓವರ್ F2 ಕೋಶದಲ್ಲಿದ್ದರೆ:

```
=INT(F2)*6+ROUND((F2-INT(F2))*10,0)
```

3.4 ಆಗ 22 ಚೆಂಡಾಗುತ್ತದೆ, 0.2 ಎರಡು ಚೆಂಡು; ಎಲ್ಲ ಸೇರಿ 120, ಸರಿಯಾಗಿ 20 ಓವರ್. ಚೌಕದಲ್ಲಿ ಆರಕ್ಕಿಂತ ಹೆಚ್ಚು ಗುರುತು ಕಂಡರೆ ಗಾಬರಿ ಬೇಡ: ವೈಡ್‌ನ ಕೂಡು ಚಿಹ್ನೆ, ನೋಬಾಲಿನ ವೃತ್ತ ಓವರ್ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಬಿಟ್ಟ ಮೇಲೂ ಏಳು ಉಳಿದರೆ ಅಂಪೈರ್ ಎಣಿಕೆ ತಪ್ಪಿರಬಹುದು. ಪುಸ್ತಕದಲ್ಲಿ ಇದ್ದಂತೆಯೇ ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕಬೇಕು, ತಿದ್ದಬಾರದು.