ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಬೀದಿಯಲ್ಲಿ ಕಣ್ಣಾಮುಚ್ಚಾಲೆ ಆಡುವ ದೊಡ್ಡ ಮಕ್ಕಳು ಹಿಂದೆ ಬಿದ್ದು ಬಂದ ಪುಟ್ಟ ತಂಗಿಯನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಅವಳು ಸಿಕ್ಕಿಬಿದ್ದರೂ ಔಟಾಗುವುದಿಲ್ಲ. ಆ ಮಾತಿನ ಅರ್ಥ ತಿಳಿಯುವವರೆಗೆ ಅವಳಿಗೆ ಖುಷಿಯೋ ಖುಷಿ. ತಿಳಿದ ದಿನ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಾಳೆ.

2005ರಲ್ಲಿ ಬಂದ ‘ನಿಂಜಾ ಗೈಡೆನ್ ಬ್ಲ್ಯಾಕ್’ ವಿಡಿಯೋ ಗೇಮ್ ದೊಡ್ಡವರನ್ನೂ ಹೀಗೆಯೇ ನಡೆಸಿಕೊಂಡಿತು. ಮೊದಲ ಅಧ್ಯಾಯದಲ್ಲಿ ಪದೇಪದೇ ಸತ್ತರೆ ಸುಲಭದ ಆಟಕ್ಕೆ ಬದಲಾಗುತ್ತೀರಾ ಎಂದು ಅದು ಕೇಳುತ್ತಿತ್ತು. ಆ ಮಟ್ಟದ ಹೆಸರು ‘ನಿಂಜಾ ಡಾಗ್’. ಒಪ್ಪಿಕೊಂಡವರ ನಾಯಕನ ತೋಳಿಗೆ ಒಂದು ರಿಬ್ಬನ್ ಬೀಳುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಗೆಲುವಿನಲ್ಲೂ ಆ ರಿಬ್ಬನ್ ಕಣ್ಣಿಗೆ ಬೀಳುವುದೇ.

ಸಹಾಯ ಬೇಕಾದವರಿಗೆ ಸಹಾಯ ಸಿಗಬೇಕು, ಆದರೆ ಗೆದ್ದಾಗ ‘ನಾನೇ ಗೆದ್ದೆ’ ಎನ್ನುವ ಭಾವಕ್ಕೆ ಚ್ಯುತಿ ಬರಬಾರದು. ಇದಕ್ಕೊಂದು ಹಳೆಯ ಉಪಾಯವನ್ನು ಅಮೆರಿಕದ ನಾಟಿ ಡಾಗ್ ಕಂಪನಿಯವರು 1990ರ ದಶಕದಲ್ಲೇ ‘ಕ್ರ್ಯಾಶ್ ಬ್ಯಾಂಡಿಕೂಟ್’ ಸರಣಿಯಲ್ಲಿ ಬಳಸಿದ್ದರು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಾಯುವ ಆಟಗಾರನನ್ನು ಅಟ್ಟಿಸಿಕೊಂಡು ಬರುವ ಬಂಡೆ ತುಸು ನಿಧಾನವಾಗುತ್ತಿತ್ತು, ಒಂದು ಪೆಟ್ಟು ತಡೆಯುವ ಮುಖವಾಡ ಮೊದಲೇ ಸಿಗುತ್ತಿತ್ತು. ಸಲೀಸಾಗಿ ಆಡುವವರಿಗೆ ಇದ್ಯಾವುದೂ ಎದುರಾಗುತ್ತಲೇ ಇರಲಿಲ್ಲ.

ಹೀಗೆ ಗುಟ್ಟಾಗಿ ನೆರವಾಗುವಾಗ ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎನ್ನುವುದೇ ವಿನ್ಯಾಸಕಾರರ ನಿಜವಾದ ತಲೆನೋವು. 2004ರ ‘ಹಾಫ್-ಲೈಫ್ 2’ ಆಟದ ಮರದ ಪೆಟ್ಟಿಗೆಗಳನ್ನು ಗಮನಿಸಿದರೆ ಇದಕ್ಕೊಂದು ಉತ್ತರ ಸಿಗುತ್ತದೆ. ಆ ಆಟದಲ್ಲಿ ದಾರಿಯುದ್ದಕ್ಕೂ ಪೆಟ್ಟಿಗೆಗಳಿವೆ. ಒಡೆದರೆ ಔಷಧವೋ ಗುಂಡುಗಳೋ ಸಿಗುತ್ತವೆ. ಹಲವು ಪೆಟ್ಟಿಗೆಗಳ ಒಳಗೆ ಮೊದಲೇ ಇಟ್ಟ ವಸ್ತು ಯಾವುದೂ ಇರುವುದಿಲ್ಲ. ಇರುವುದು `item_dynamic_resource_supply` ಎಂಬ ಒಂದು ಖಾಲಿ ಗುರುತು ಮಾತ್ರ. ಪೆಟ್ಟಿಗೆ ಒಡೆದ ಕ್ಷಣದಲ್ಲಿ ಆಟಗಾರನ ಬಳಿ ಏನು ಕಡಿಮೆಯಿದೆ ಎಂದು ನೋಡಿ ಆಟವೇ ವಸ್ತುವನ್ನು ಆರಿಸುತ್ತದೆ.

ಲೆಕ್ಕ ಸರಳವಾದದ್ದು. ಈ ಜಾಗಕ್ಕೆ ಬರುವಾಗ ಆಟಗಾರನ ಬಳಿ ಏನೇನು ಎಷ್ಟಿರಬೇಕು ಎಂದು ವಿನ್ಯಾಸಕಾರ ಮೊದಲೇ ಬರೆದಿಟ್ಟಿರುತ್ತಾನೆ. ಉದಾಹರಣೆಗೆ, ಆರೋಗ್ಯ ಪೂರ್ತಿ ನೂರು, ಪಿಸ್ತೂಲಿನ ಗುಂಡು ಸಾಮರ್ಥ್ಯದ ಅರ್ಧ ಎಂದಿಟ್ಟುಕೊಳ್ಳೋಣ. ಒಬ್ಬ ಆಟಗಾರ ಏಟು ತಿಂದು ತಿಂದು ಆರೋಗ್ಯ ನಲವತ್ತಕ್ಕೆ ಇಳಿದ ಸ್ಥಿತಿಯಲ್ಲಿ ಬರುತ್ತಾನೆ, ಆದರೆ ಮುಕ್ಕಾಲು ಪಾಲು ಗುಂಡು ಉಳಿಸಿಕೊಂಡಿದ್ದಾನೆ. ಗುಂಡಿನ ಕೊರತೆ ಅವನಿಗಿಲ್ಲ, ಆರೋಗ್ಯದಲ್ಲಿ ಅರವತ್ತರ ಕೊರತೆಯಿದೆ. ಅವನ ಪೆಟ್ಟಿಗೆಯಿಂದ ಔಷಧ ಉರುಳುತ್ತದೆ. ಅವನ ಗೆಳತಿ ಅದೇ ಜಾಗಕ್ಕೆ ಮೈಗೆ ಗಾಯವಿಲ್ಲದೆ, ಪಿಸ್ತೂಲು ಬರಿದಾಗಿಸಿಕೊಂಡು ಬಂದರೆ ಅವಳಿಗೆ ಗುಂಡು ಸಿಗುತ್ತದೆ. ‘ಸರಿಯಾದ ಹೊತ್ತಿಗೆ ಸಿಕ್ಕಿತು, ಪುಣ್ಯ!’ ಎಂದುಕೊಂಡು ಇಬ್ಬರೂ ಮುಂದೆ ಹೋಗುತ್ತಾರೆ.

ಇಲ್ಲಿ ಯಾರಿಗೂ ಅವಮಾನವಾಗದಿರುವುದಕ್ಕೆ ಕಾರಣವಿದೆ. ಪೆಟ್ಟಿಗೆ ಎಲ್ಲರಿಗೂ ಒಂದೇ, ಅದನ್ನು ಹುಡುಕಿ ಒಡೆದದ್ದು ಆಟಗಾರನೇ. ಔಷಧ ಸಿಕ್ಕ ಮಾತ್ರಕ್ಕೆ ಎದುರಿನ ಸೈನಿಕ ಮೆತ್ತಗಾಗುವುದಿಲ್ಲ. ಅವನನ್ನು ಹೊಡೆಯಲು ಬೇಕಾದ ಗುರಿ, ಬೇಕಾದ ಗುಂಡು ಮೊದಲಿನಷ್ಟೇ. ಈ ಕೊನೆಯ ಅಂಶವೇ ಬಹಳ ಮುಖ್ಯ. ‘ಈ ಶತ್ರು ಮೂರು ಏಟಿಗೆ ಬೀಳುತ್ತಾನೆ’ ಎಂದು ಆಟಗಾರ ಒಮ್ಮೆ ಕಲಿತ ಮೇಲೆ ಅದು ಅವನ ವಿದ್ಯೆ. ನಾಲ್ಕನೆಯ ಸಲ ಸತ್ತು ಬಂದಾಗ ಅದೇ ಶತ್ರು ಎರಡೇ ಏಟಿಗೆ ಬಿದ್ದರೆ ಗುಟ್ಟು ರಟ್ಟಾಗುವುದಷ್ಟೇ ಅಲ್ಲ, ಅವನು ಕಷ್ಟಪಟ್ಟು ಕಲಿತದ್ದೂ ಸುಳ್ಳಾಗುತ್ತದೆ. ಆಟಗಾರ ಎಣಿಸಿ ನೋಡಬಲ್ಲದ್ದನ್ನು ಮುಟ್ಟದೆ, ಅವನ ಎಣಿಕೆಗೆ ಸಿಗದ್ದನ್ನು ಬದಲಿಸುವುದು ಜಾಣತನ.

ಎಣಿಕೆಗೆ ಸುಲಭವಾಗಿ ಸಿಗದ ಇನ್ನೊಂದು ಸಂಗತಿ ಹೊತ್ತು. ವಾಲ್ವ್ ಕಂಪನಿಯ ‘ಲೆಫ್ಟ್ 4 ಡೆಡ್’ (2008) ನಾಲ್ವರು ಸೇರಿ ಹುಚ್ಚೆದ್ದ ಸೋಂಕಿತರ ಹಿಂಡಿನಿಂದ ಪಾರಾಗುವ ಆಟ. ಅದರಲ್ಲಿ ‘ಡೈರೆಕ್ಟರ್’ ಎಂಬ ಕಾಣದ ಸೂತ್ರಧಾರನಿದ್ದಾನೆ. ಪ್ರತಿಯೊಬ್ಬ ಆಟಗಾರನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂದು ಅವನು ಅಂದಾಜಿಸುತ್ತಿರುತ್ತಾನೆ. ಏಟು ಬಿದ್ದರೆ ಒತ್ತಡ ಏರುತ್ತದೆ, ಕುಸಿದುಬಿದ್ದರೆ ಇನ್ನೂ ಏರುತ್ತದೆ. ಸೋಂಕಿತನೊಬ್ಬ ತೀರಾ ಹತ್ತಿರ ಬಂದು ಸತ್ತರೂ ಏರುತ್ತದೆ, ದೂರದಲ್ಲಿ ಸತ್ತರೆ ಅಷ್ಟಿಲ್ಲ. ಸುಮ್ಮನಿದ್ದ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ.

ಒತ್ತಡ ಗಡಿ ಮುಟ್ಟಿದ ಮೇಲೆ ಡೈರೆಕ್ಟರ್ ಮೂರರಿಂದ ಐದು ಸೆಕೆಂಡ್ ಹಿಂಡನ್ನು ಹಾಗೆಯೇ ಬಿಡುತ್ತಾನೆ. ತಕ್ಷಣ ನಿಲ್ಲಿಸಿದರೆ ಅನುಮಾನ ಬಾರದೇ ಇದ್ದೀತೆ? ಆಮೇಲೆ ಹೊಸ ಹಿಂಡು ಕಳಿಸುವುದನ್ನು ತಗ್ಗಿಸುತ್ತಾನೆ. ಎದುರಿಗಿರುವವರ ಕಾಳಗ ಮುಗಿದು ಒತ್ತಡ ಇಳಿದ ಮೇಲೆ 30ರಿಂದ 45 ಸೆಕೆಂಡ್ ಬಿಡುವು. ಅಷ್ಟರಲ್ಲಿ ತಂಡ ಸಾಕಷ್ಟು ಮುಂದೆ ನಡೆದುಬಿಟ್ಟರೆ ಬಿಡುವು ಅಲ್ಲಿಗೇ ಮುಗಿಯುತ್ತದೆ. ಒಬ್ಬೊಬ್ಬ ಸೋಂಕಿತನ ಬಲ ಎಲ್ಲೂ ಕಡಿಮೆಯಾಗಿಲ್ಲ, ಅವರು ಬರುವ ಹೊತ್ತು ಬದಲಾಗಿದೆ ಅಷ್ಟೆ. ಸೋತು ಸುಣ್ಣವಾದ ತಂಡಕ್ಕೆ ಆ ಅರೆ ನಿಮಿಷ ಜೀವದಾನ. ಚುರುಕಾದ ತಂಡಕ್ಕೆ ಒತ್ತಡ ಗಡಿ ಮುಟ್ಟುವುದೇ ತಡವಾಗುವುದರಿಂದ ಹಿಂಡು ಸತತವಾಗಿ ಬರುತ್ತಲೇ ಇರುತ್ತದೆ.

ಹೊಂದಾಣಿಕೆ ಎಲ್ಲವನ್ನೂ ಆವರಿಸಿಕೊಂಡರೆ ಏನಾಗುತ್ತದೆ ಎನ್ನುವುದನ್ನು 2006ರ ‘ಆಬ್ಲಿವಿಯನ್’ ಕಲಿಸಿತು. ಅದರಲ್ಲಿ ನಾಯಕ ಬಲಿಷ್ಠನಾದಂತೆ ಲೋಕವೂ ಬಲಿಷ್ಠವಾಗುತ್ತಿತ್ತು. ದಾರಿಯಲ್ಲಿ ಚಿಲ್ಲರೆ ಹಣಕ್ಕೆ ಅಡ್ಡಗಟ್ಟುವ ಕಳ್ಳರು ಕೂಡ ಕೊನೆಕೊನೆಗೆ ಬಹು ದುಬಾರಿಯಾದ ಕವಚ ತೊಟ್ಟು ನಿಲ್ಲುತ್ತಿದ್ದರು. ಹತ್ತಾರು ಗಂಟೆ ಆಡಿ ಬೆಳೆದವನಿಗೆ ಬೆಳೆದದ್ದೇ ಅನುಭವಕ್ಕೆ ಬಾರದು. ಕೈಲಾಗದವನಿಗೆ ಕನಿಕರ ತೋರುವುದು ಎಷ್ಟು ನೋಯಿಸುತ್ತದೋ, ಬಲ್ಲವನ ಬಲವನ್ನು ಹೀಗೆ ಸದ್ದಿಲ್ಲದೆ ಕಿತ್ತುಕೊಳ್ಳುವುದೂ ಅಷ್ಟೇ ನೋಯಿಸುತ್ತದೆ. ಅದೇ ಕಂಪನಿ 2011ರ ‘ಸ್ಕೈರಿಮ್’ನಲ್ಲಿ ಪ್ರದೇಶಗಳಿಗೆ ಕನಿಷ್ಠ ಮಟ್ಟ, ಕೆಲವಕ್ಕೆ ಗರಿಷ್ಠ ಮಟ್ಟವನ್ನೂ ಗೊತ್ತುಮಾಡಿತು. ಬೆಳೆದ ನಾಯಕ ಹಳೆಯ ಗುಹೆಯ ಕಳ್ಳರನ್ನು ಲೀಲಾಜಾಲವಾಗಿ ಸದೆಬಡಿಯುವ ಸುಖ ಮರಳಿ ಬಂತು.

ಗುಟ್ಟಿಗೆ ಇನ್ನೊಂದು ಅಪಾಯವಿದೆ: ಆಟಗಾರರು ಅದನ್ನು ಕಂಡುಹಿಡಿಯುತ್ತಾರೆ. ‘ಮಾರಿಯೋ ಕಾರ್ಟ್’ ಓಟದಲ್ಲಿ ಹಿಂದೆ ಬಿದ್ದವರಿಗೆ ಒಳ್ಳೆಯ ಅಸ್ತ್ರಗಳು ಸಿಗುತ್ತವೆ. ಅದನ್ನು ಬಲ್ಲ ಪಳಗಿದ ಆಟಗಾರರು ಬೇಕೆಂದೇ ಹಿಂದುಳಿದು, ಅಸ್ತ್ರ ಕೂಡಿಟ್ಟುಕೊಂಡು ಕೊನೆಯ ಸುತ್ತಿನಲ್ಲಿ ನುಗ್ಗುತ್ತಾರೆ. ಸೋಲಿಗೆ ಕೊಡುವ ಬೆಲೆಗಿಂತ ಸೋತರೆ ಸಿಗುವ ಲಾಭ ಹೆಚ್ಚಾದಲ್ಲೆಲ್ಲ ಇದು ನಡೆಯುತ್ತದೆ.

‘ರೆಸಿಡೆಂಟ್ ಈವಿಲ್ 4’ (2005) ಒಳಗೂ ಇಂಥ ಗುಪ್ತ ಅಳತೆಗೋಲಿದೆ. ಚೆನ್ನಾಗಿ ಆಡಿದರೆ ಮೇಲೇರುತ್ತದೆ; ಏಟು ತಿಂದರೆ, ಸತ್ತರೆ ಇಳಿಯುತ್ತದೆ. ಕೆಳಗಿಳಿದಾಗ ಶತ್ರುಗಳ ಆಕ್ರಮಣ ತಗ್ಗುತ್ತದೆ, ಕೆಲವು ಕಡೆ ಒಂದಿಬ್ಬರು ಶತ್ರುಗಳು ಬರುವುದೇ ಇಲ್ಲ. ಆದರೆ ‘ಪ್ರೊಫೆಷನಲ್’ ಮಟ್ಟವನ್ನು ತಾನಾಗಿ ಆರಿಸಿಕೊಂಡವನಿಗೆ ಈ ಅಳತೆಗೋಲು ತುತ್ತತುದಿಯಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ. ಎಷ್ಟು ಸಲ ಸತ್ತರೂ ಇಳಿಯದು. ನೆರವು ಬೇಡ ಎಂದವನ ಮಾತಿಗೆ ಅಲ್ಲಿ ಬೆಲೆಯಿದೆ.

ಇಂಥ ವ್ಯವಸ್ಥೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವಾಗ ‘ಆಟ ಸುಲಭವಾಯಿತೇ?’ ಎಂದು ಕೇಳಬಾರದು. ಕೇಳಿದ ಕೂಡಲೇ ಅನುಮಾನ ಹುಟ್ಟುತ್ತದೆ. ಐದನೆಯ ಪ್ರಯತ್ನದಲ್ಲಿ ಗೆದ್ದವನ ಪಕ್ಕ ಕೂತು ‘ಈ ಸಲ ಏನು ಬೇರೆ ಮಾಡಿದೆ?’ ಎಂದು ಕೇಳಿದರೆ ಸಾಕು. ‘ಕಂಬದ ಹಿಂದೆ ನಿಂತೆ, ಗ್ರೆನೇಡನ್ನು ಕೊನೆಗೆ ಉಳಿಸಿಕೊಂಡೆ’ ಎಂದು ಅವನು ಕೈ ಆಡಿಸುತ್ತಾ ವಿವರಿಸತೊಡಗಿದರೆ ಅಳತೆಗೋಲನ್ನು ಮುಟ್ಟುವ ಅಗತ್ಯವಿಲ್ಲ. ‘ಏನೋಪ್ಪ, ಈ ಸಲ ಅವರೇ ಸರಿಯಾಗಿ ಹೊಡೆಯಲಿಲ್ಲ’ ಎಂದು ಭುಜ ಕುಣಿಸಿದರೆ ವಿನ್ಯಾಸಕಾರ ಮತ್ತೆ ಕೆಲಸಕ್ಕೆ ಕೂರಬೇಕು.