ಹದಿನೈದೋ, ಹದಿನಾರೋ, ಹದಿನೇಳೋ?

ಬೆಂಗಳೂರಿನ ಮೆಟ್ರೊ ನಕ್ಷೆಯನ್ನು ಮುಂದಿಟ್ಟು ಮೂವರನ್ನು ಕೇಳಿ: ಇಂದಿರಾನಗರದಿಂದ ಜಯದೇವ ಆಸ್ಪತ್ರೆಗೆ ಎಷ್ಟು ನಿಲ್ದಾಣ? ಒಬ್ಬರು ಹದಿನೈದು ಅನ್ನುತ್ತಾರೆ, ಇನ್ನೊಬ್ಬರು ಹದಿನಾರು, ಮತ್ತೊಬ್ಬರು ಹದಿನೇಳು. ಮೂವರೂ ಸರಿಯಾಗಿಯೇ ಎಣಿಸಿದ್ದಾರೆ. ಪ್ರಶ್ನೆಯೇ ಅರೆಬರೆಯಾಗಿತ್ತು.

ಎಣಿಸಿ ನೋಡೋಣ. ಇಂದಿರಾನಗರ ಇರುವುದು ನೇರಳೆ ಮಾರ್ಗದಲ್ಲಿ. ಅಲ್ಲಿಂದ ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಆಮೇಲೆ ಮೆಜೆಸ್ಟಿಕ್. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ. ಅಲ್ಲಿ ಮತ್ತೆ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ದಾಟಿದರೆ ಜಯದೇವ ಆಸ್ಪತ್ರೆ.

ನೇರಳೆಯಲ್ಲಿ ಏಳು, ಹಸಿರಿನಲ್ಲಿ ಏಳು, ಹಳದಿಯಲ್ಲಿ ಎರಡು. ಒಟ್ಟು ಹದಿನಾರು. ಆದರೆ ಇದು ಒಂದು ನಿಲ್ದಾಣದಿಂದ ಮುಂದಿನದಕ್ಕೆ ರೈಲು ಓಡುವ ತುಂಡುಗಳ ಲೆಕ್ಕ. ಹತ್ತುವ ಇಂದಿರಾನಗರವನ್ನೂ ಇಳಿಯುವ ಜಯದೇವವನ್ನೂ ಸೇರಿಸಿದರೆ ನಿಲ್ದಾಣಗಳು ಹದಿನೇಳು. ಎರಡನ್ನೂ ಬಿಟ್ಟು ನಡುವೆ ಬರುವುದನ್ನಷ್ಟೇ ಎಣಿಸಿದರೆ ಹದಿನೈದು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಾಗ ನಾಲ್ಕು ಆಯ್ಕೆಗಳಲ್ಲಿ ಈ ಮೂರೂ ಇದ್ದೇ ಇರುತ್ತವೆ. ಪ್ರಶ್ನೆ ಬರೆಯುವವರಿಗೆ ನಾವು ಎಲ್ಲಿ ಎಡವುತ್ತೇವೆ ಅನ್ನುವುದು ಚೆನ್ನಾಗಿ ಗೊತ್ತು. ಹಾಗಾಗಿ ನಕ್ಷೆಯ ಮೇಲೆ ಬೆರಳಿಡುವ ಮೊದಲೇ ಪ್ರಶ್ನೆಯಲ್ಲಿ ‘ನಡುವೆ’ ಎಂದಿದೆಯೋ, ‘ಸೇರಿದಂತೆ’ ಎಂದಿದೆಯೋ, ‘ಎಷ್ಟನೆಯದು’ ಎಂದಿದೆಯೋ ನೋಡಿ ಗೆರೆ ಎಳೆದುಕೊಳ್ಳಬೇಕು. ‘ಮೆಜೆಸ್ಟಿಕ್ ಆದ ಮೇಲೆ ಮೂರನೆಯ ನಿಲ್ದಾಣ’ ಅಂದರೆ ಎಣಿಕೆ ಚಿಕ್ಕಪೇಟೆಯಿಂದ ಶುರು, ಉತ್ತರ ನ್ಯಾಷನಲ್ ಕಾಲೇಜು. ಮೆಜೆಸ್ಟಿಕ್ಕನ್ನೇ ಒಂದು ಎಂದು ಎಣಿಸಿದವರು ಕೆ.ಆರ್. ಮಾರುಕಟ್ಟೆಯಲ್ಲೇ ಇಳಿದುಬಿಡುತ್ತಾರೆ.

ಮಾರ್ಗ ಬದಲಿಸುವ ನಿಲ್ದಾಣಗಳಲ್ಲಿ ಇನ್ನೊಂದು ತಪ್ಪು ಆಗುತ್ತದೆ. ನೇರಳೆಯನ್ನು ಎಣಿಸುವಾಗ ಮೆಜೆಸ್ಟಿಕ್ ಬಂತು, ಹಸಿರನ್ನು ಎಣಿಸಲು ಶುರುಮಾಡುವಾಗ ಮತ್ತೆ ಮೆಜೆಸ್ಟಿಕ್ ಬಂತು. ಆರ್.ವಿ. ರಸ್ತೆಯದೂ ಅದೇ ಕಥೆ. ಎರಡೆರಡು ಸಲ ಲೆಕ್ಕಕ್ಕೆ ಸೇರಿ ಹದಿನೇಳು ಹತ್ತೊಂಬತ್ತಾಗುತ್ತದೆ. ಬಣ್ಣ ಎರಡಾದರೂ ನಿಲ್ದಾಣ ಒಂದೇ.

ದಿಕ್ಕಿನ ವಿಷಯಕ್ಕೆ ಬಂದರೆ, ಮೆಟ್ರೊ ನಿಲ್ದಾಣದಲ್ಲಿ ಪೂರ್ವ, ಪಶ್ಚಿಮ ಎಂದು ಯಾರೂ ಹೇಳುವುದಿಲ್ಲ. ಮಾರ್ಗದ ಕೊನೆಯ ನಿಲ್ದಾಣದ ಹೆಸರೇ ಅಲ್ಲಿ ದಿಕ್ಕು. ನಮ್ಮ ಪ್ರಯಾಣಿಕರು ಇಂದಿರಾನಗರದಲ್ಲಿ ಚಲ್ಲಘಟ್ಟದ ಕಡೆಯ ರೈಲು ಹತ್ತಬೇಕು, ವೈಟ್‌ಫೀಲ್ಡ್ ಕಡೆಯದಲ್ಲ. ಮೆಜೆಸ್ಟಿಕ್‌ನಲ್ಲಿ ರೇಷ್ಮೆ ಸಂಸ್ಥೆಯ ಕಡೆಗೆ, ಆರ್.ವಿ. ರಸ್ತೆಯಲ್ಲಿ ಬೊಮ್ಮಸಂದ್ರದ ಕಡೆಗೆ. ಈ ಮೂರು ಊರುಗಳಲ್ಲಿ ಒಂದಕ್ಕೂ ಅವರು ಹೋಗುತ್ತಿಲ್ಲ, ಆದರೂ ಆ ಮೂರು ಹೆಸರು ಗೊತ್ತಿಲ್ಲದೆ ಪ್ರಯಾಣ ಸಾಗದು. ಅದಕ್ಕೇ ನಕ್ಷೆಯಲ್ಲಿ ಇಳಿಯುವ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸದೆ, ಅದೇ ಗೆರೆಯ ಮೇಲೆ ಕೊನೆಯವರೆಗೂ ಕಣ್ಣು ಓಡಿಸಬೇಕು.

ಎಡ, ಬಲ ಕೇಳಿದಾಗ ಮಾತ್ರ ಬುದ್ಧಿವಂತರೂ ತಬ್ಬಿಬ್ಬಾಗುತ್ತಾರೆ. ಇದೇ ಪ್ರಯಾಣವನ್ನು ನೋಡಿ. ಇಂದಿರಾನಗರದಿಂದ ಮೆಜೆಸ್ಟಿಕ್‌ಗೆ ಹೋಗುವುದು ಪಶ್ಚಿಮಕ್ಕೆ, ಮೆಜೆಸ್ಟಿಕ್‌ನಿಂದ ಆರ್.ವಿ. ರಸ್ತೆಗೆ ದಕ್ಷಿಣಕ್ಕೆ, ಅಲ್ಲಿಂದ ಜಯದೇವಕ್ಕೆ ಪೂರ್ವಕ್ಕೆ. ಹಾಳೆಯ ಮೇಲೆ ನೋಡಿದರೆ ಆರ್.ವಿ. ರಸ್ತೆಯಿಂದ ಹಳದಿ ಗೆರೆ ಹೊರಳುವುದು ನಮ್ಮ ಬಲಗೈ ಕಡೆಗೆ. ಅದನ್ನೇ ನಂಬಿ ‘ಬಲಕ್ಕೆ ತಿರುಗಿದರು’ ಎಂದು ಬರೆದರೆ ಅಂಕ ಹೋಯಿತು. ಪ್ರಯಾಣಿಕರ ಮುಖ ದಕ್ಷಿಣಕ್ಕಿದೆ, ಆಗ ಪೂರ್ವ ಅವರ ಎಡಗೈ ಕಡೆ. ಅವರು ಮೆಜೆಸ್ಟಿಕ್‌ನಲ್ಲೂ ಎಡಕ್ಕೆ ತಿರುಗಿದ್ದರು, ಆರ್.ವಿ. ರಸ್ತೆಯಲ್ಲೂ ಎಡಕ್ಕೇ ತಿರುಗಿದರು. ಹಾಳೆಯ ಎಡಬಲ ನೋಡುವವರದು, ಪ್ರಶ್ನೆ ಕೇಳುವುದು ನಡೆಯುವವರ ಎಡಬಲ. ಸಂಶಯ ಬಂದರೆ ನಾಚಿಕೆಪಡದೆ ಹಾಳೆಯನ್ನೇ ತಿರುಗಿಸಿ, ಸಾಗುವ ದಾರಿ ನಿಮ್ಮಿಂದ ಮುಂದಕ್ಕೆ ಹೋಗುವಂತೆ ಹಿಡಿದುಕೊಳ್ಳಿ. ಪರೀಕ್ಷಾ ಕೊಠಡಿಯಲ್ಲಿ ಇದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಕೆಲವು ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವೇ ಇರುವುದಿಲ್ಲ. ಇಂದಿನ ಮೆಟ್ರೊ ನಕ್ಷೆಗಳ ಮೂಲಪುರುಷ ಲಂಡನ್ನಿನ ಹ್ಯಾರಿ ಬೆಕ್. ವಿದ್ಯುತ್ ಮಂಡಲಗಳ ಚಿತ್ರ ಬರೆಯುವುದು ಅವನ ಕೆಲಸವಾಗಿತ್ತು. ಅವನು ಬಿಡಿಸಿದ ಸುರಂಗ ರೈಲಿನ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ರೈಲಿನೊಳಗೆ ಕೂತವನಿಗೆ ಯಾವುದರ ನಂತರ ಯಾವುದು, ಎಲ್ಲಿ ಬದಲಿಸಬೇಕು ಎಂಬುದಷ್ಟೇ ಸಾಕು, ನೆಲದ ಮೇಲಿನ ದೂರ ಬೇಡ ಎಂಬುದು ಬೆಕ್‌ನ ಯೋಚನೆ. ಗೆರೆಗಳನ್ನು ನೇರ ಮಾಡಿದ, ನಿಲ್ದಾಣಗಳನ್ನು ಹೆಚ್ಚುಕಡಿಮೆ ಸಮ ಅಂತರದಲ್ಲಿ ಕೂರಿಸಿದ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್, ನಡೆದರೆ ನಾಲ್ಕೈದು ನಿಮಿಷ. ನಕ್ಷೆ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ, ಹಾಗಾಗಿ ಅಷ್ಟು ದೂರಕ್ಕೂ ಟಿಕೆಟ್ ಕೊಳ್ಳುವ ಪ್ರವಾಸಿಗರಿದ್ದಾರೆ. ನಮ್ಮ ಉದಾಹರಣೆಯಲ್ಲೂ ಅಷ್ಟೆ. ಇಂದಿರಾನಗರದಿಂದ ಜಯದೇವಕ್ಕೆ ಕೋರಮಂಗಲದ ಕಡೆಯಿಂದ ರಸ್ತೆಯಲ್ಲಿ ಹೋದರೆ ದೂರ ಎಷ್ಟೋ ಕಡಿಮೆ, ಮೆಟ್ರೊದಲ್ಲಿ ಊರು ಸುತ್ತಿ ಬಂದಂತೆ. ಯಾವುದು ಬೇಗ ಎಂದು ಕೇಳಿದರೆ ಈ ನಕ್ಷೆಯಿಂದ ಹೇಳಲಾಗದು. ‘ಕೊಟ್ಟಿರುವ ಮಾಹಿತಿಯಿಂದ ತಿಳಿಯುವುದಿಲ್ಲ’ ಎಂಬ ಆಯ್ಕೆಯಿದ್ದರೆ ಅದೇ ಸರಿಯುತ್ತರ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಮಗಿರುವ ಜ್ಞಾನವನ್ನು ಅಲ್ಲಿ ಸೇರಿಸಬಾರದು.

ಫ್ಲೋಚಾರ್ಟ್ ಕೂಡ ಮಾರ್ಗದ ನಕ್ಷೆಯೇ. ಊರುಗಳ ಬದಲು ಕೆಲಸಗಳಿರುತ್ತವೆ, ಅಷ್ಟೇ ವ್ಯತ್ಯಾಸ. ಮೊಟ್ಟೆಯಾಕಾರದಲ್ಲಿ ಆರಂಭ ಮತ್ತು ಅಂತ್ಯ, ಆಯತದಲ್ಲಿ ಮಾಡಬೇಕಾದ ಕೆಲಸ, ವಜ್ರಾಕೃತಿಯಲ್ಲಿ ಪ್ರಶ್ನೆ. ವಜ್ರದಿಂದ ಎರಡು ಬಾಣ ಹೊರಡುತ್ತವೆ, ಒಂದರ ಮೇಲೆ ‘ಹೌದು’, ಇನ್ನೊಂದರ ಮೇಲೆ ‘ಅಲ್ಲ’. ‘ಹೌದು’ ಯಾವಾಗಲೂ ಕೆಳಕ್ಕೇ ಹೋಗಬೇಕೆಂಬ ನಿಯಮವಿಲ್ಲ. ಬಾಣದ ಮೇಲಿನ ಮಾತನ್ನು ಪ್ರತಿ ವಜ್ರದಲ್ಲೂ ಹೊಸದಾಗಿ ಓದಬೇಕು.

ಅಧಿಕ ವರ್ಷವನ್ನು ಗುರುತಿಸುವ ಫ್ಲೋಚಾರ್ಟನ್ನು ತೆಗೆದುಕೊಳ್ಳೋಣ. ಮೊದಲ ವಜ್ರ: ಇಸವಿ 4ರಿಂದ ಭಾಗವಾಗುತ್ತದೆಯೇ? ಅಲ್ಲವಾದರೆ ಸಾಮಾನ್ಯ ವರ್ಷ, ಅಲ್ಲಿಗೆ ಮುಗಿಯಿತು. ಹೌದಾದರೆ ಎರಡನೆಯ ವಜ್ರ: 100ರಿಂದ ಭಾಗವಾಗುತ್ತದೆಯೇ? ಅಲ್ಲವಾದರೆ ಅಧಿಕ ವರ್ಷ. ಹೌದಾದರೆ ಮೂರನೆಯದು: 400ರಿಂದ ಭಾಗವಾಗುತ್ತದೆಯೇ? ಹೌದಾದರೆ ಅಧಿಕ, ಅಲ್ಲವಾದರೆ ಸಾಮಾನ್ಯ. ಪೋಪ್ ಗ್ರೆಗರಿಯ ಕಾಲದಲ್ಲಿ, 1582ರಲ್ಲಿ ತಿದ್ದಿದ ಪಂಚಾಂಗದ ನಿಯಮ ಇದು.

ಎರಡನೆಯ ವಜ್ರದಲ್ಲಿ ಸ್ವಲ್ಪ ನಿಂತು ನೋಡಿ. ಮೊದಲ ವಜ್ರದಲ್ಲಿ ‘ಹೌದು’ ಅಧಿಕ ವರ್ಷದ ಕಡೆಗೆ ಕರೆದೊಯ್ದಿತ್ತು, ಇಲ್ಲಿ ‘ಅಲ್ಲ’ ಕರೆದೊಯ್ಯುತ್ತದೆ. ಹೌದು ಅಂದರೆ ಒಳ್ಳೆಯದು ಎಂದುಕೊಂಡು ಓದುವವರು ಜಾರುವುದು ಇಲ್ಲಿಯೇ. 2026 ಮೊದಲ ವಜ್ರದಲ್ಲೇ ಹೊರಬೀಳುತ್ತದೆ. 2024 ಎರಡು ವಜ್ರ ದಾಟಿ ಅಧಿಕ ವರ್ಷವಾಗುತ್ತದೆ. 1900 ಮತ್ತು 2000 ಎರಡೂ ಮೂರನೆಯ ವಜ್ರದವರೆಗೆ ಜೊತೆಯಾಗಿ ಬಂದು ಅಲ್ಲಿ ಬೇರೆಯಾಗುತ್ತವೆ: 2000 ಅಧಿಕ, 1900 ಸಾಮಾನ್ಯ. ಎಕ್ಸೆಲ್ ತಂತ್ರಾಂಶ ಇಂದಿಗೂ 1900ನ್ನು ಅಧಿಕ ವರ್ಷವೆಂದೇ ಲೆಕ್ಕ ಹಿಡಿಯುತ್ತದೆ. ಅದಕ್ಕಿಂತ ಹಳೆಯ ಲೋಟಸ್ 1-2-3 ಮಾಡಿದ್ದ ತಪ್ಪನ್ನು, ಕಡತಗಳು ಹೊಂದಿಕೊಳ್ಳಲಿ ಎಂದು ಗೊತ್ತಿದ್ದೇ ಉಳಿಸಿಕೊಂಡರು.

ಪ್ರಶ್ನೆ ಹಿಂದುಮುಂದಾಗಿಯೂ ಬರಬಹುದು. ‘ಒಂದು ಇಸವಿ ಎರಡೇ ವಜ್ರ ದಾಟಿ ಅಂತ್ಯ ತಲುಪಿತು, ಅದರ ಬಗ್ಗೆ ಏನು ಹೇಳಬಹುದು?’ ಆಗ ಅಂತ್ಯದಿಂದ ಬಾಣಗಳನ್ನು ಹಿಮ್ಮುಖವಾಗಿ ಹಿಡಿದು ಬರಬೇಕು. ಎರಡನೆಯ ವಜ್ರದಿಂದ ಹೊರಗೆ ಹೋಗುವ ದಾರಿ ‘ಅಲ್ಲ’ ಒಂದೇ. ಹಾಗಾದರೆ ಆ ಇಸವಿ 4ರಿಂದ ಭಾಗವಾಗುತ್ತದೆ, 100ರಿಂದ ಆಗುವುದಿಲ್ಲ, ಅದು ಅಧಿಕ ವರ್ಷ. ಇಷ್ಟನ್ನು ಖಚಿತವಾಗಿ ಹೇಳಬಹುದು. ಯಾವ ಇಸವಿ ಎಂದು ಮಾತ್ರ ಹೇಳಲಾಗದು.

ಕೆಲವು ಫ್ಲೋಚಾರ್ಟುಗಳಲ್ಲಿ ಬಾಣ ಮೇಲಕ್ಕೆ ಹಿಂದಿರುಗುತ್ತದೆ. ಒಂದು ಸಣ್ಣ ಉದಾಹರಣೆ: ಮೊತ್ತ ಸೊನ್ನೆ, ಕೈಯಲ್ಲಿರುವ ಸಂಖ್ಯೆ 3. ಆಯತದಲ್ಲಿ ‘ಸಂಖ್ಯೆಯನ್ನು ಮೊತ್ತಕ್ಕೆ ಕೂಡಿಸಿ, ಸಂಖ್ಯೆಯಿಂದ 1 ಕಳೆಯಿರಿ’ ಎಂದಿದೆ. ಅದರ ಕೆಳಗಿನ ವಜ್ರ ಕೇಳುತ್ತದೆ: ಸಂಖ್ಯೆ ಸೊನ್ನೆ ಆಯಿತೇ? ಇಲ್ಲವಾದರೆ ಬಾಣ ಮತ್ತೆ ಆಯತಕ್ಕೆ ಹೋಗುತ್ತದೆ. ಇಂಥದ್ದನ್ನು ಮನಸ್ಸಿನಲ್ಲೇ ಮಾಡಲು ಹೋಗಬೇಡಿ. ಅಂಚಿನಲ್ಲಿ ಎರಡು ಸಾಲು ಹಾಕಿಕೊಂಡು ಪ್ರತಿ ಸುತ್ತಿನ ಮೊತ್ತ, ಸಂಖ್ಯೆ ಬರೆಯುತ್ತಾ ಹೋಗಿ. ಮೊದಲ ಸುತ್ತಿಗೆ ಮೊತ್ತ 3, ಸಂಖ್ಯೆ 2. ಎರಡನೆಯದಕ್ಕೆ 5 ಮತ್ತು 1. ಮೂರನೆಯದಕ್ಕೆ 6 ಮತ್ತು 0, ಮುಗಿಯಿತು. ಆಯತದ ಕೆಲಸ ಮೂರು ಸಲ, ವಜ್ರದ ಪ್ರಶ್ನೆಯೂ ಮೂರು ಸಲ.

ಈಗ ವಜ್ರವನ್ನು ಆಯತದ ಮೇಲಕ್ಕೆ ತಂದಿಡಿ, ಅಂದರೆ ಮೊದಲು ಪ್ರಶ್ನೆ, ಆಮೇಲೆ ಕೆಲಸ. ಮೊತ್ತ ಆಗಲೂ 6, ಆಯತದ ಕೆಲಸವೂ ಮೂರೇ ಸಲ. ಆದರೆ ವಜ್ರದ ಪ್ರಶ್ನೆ ನಾಲ್ಕು ಸಲ ಕೇಳಿಬರುತ್ತದೆ, ಏಕೆಂದರೆ ಕೊನೆಯ ‘ಹೌದು’ ಸಿಗಲು ಇನ್ನೊಮ್ಮೆ ಕೇಳಲೇಬೇಕು. ಶುರುವಿನಲ್ಲೇ ಸಂಖ್ಯೆ ಸೊನ್ನೆಯಾಗಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ವಜ್ರ ಮೇಲಿದ್ದರೆ ಒಂದೂ ಸುತ್ತಿಲ್ಲದೆ ಮೊತ್ತ 0 ಎಂದು ಮುಗಿಯುತ್ತದೆ. ವಜ್ರ ಕೆಳಗಿದ್ದರೆ ಸಂಖ್ಯೆ ಮೊದಲ ಸುತ್ತಿನಲ್ಲೇ ಸೊನ್ನೆಗಿಂತ ಕೆಳಗೆ, ಅಂದರೆ -1ಕ್ಕೆ ಇಳಿದು, ಮತ್ತೆ ಎಂದೂ ಸೊನ್ನೆಗೆ ಬರುವುದಿಲ್ಲ. ಆ ಫ್ಲೋಚಾರ್ಟ್ ಮುಗಿಯುವುದೇ ಇಲ್ಲ.

ಬರೆದು ನೋಡಲು ಒಂದು ಲೆಕ್ಕ ನಿಮಗೂ ಇರಲಿ: ಅಧಿಕ ವರ್ಷದ ಫ್ಲೋಚಾರ್ಟಿನಲ್ಲಿ 2100 ಎಷ್ಟು ವಜ್ರ ದಾಟುತ್ತದೆ, ಆ ವರ್ಷ ಫೆಬ್ರುವರಿ 29 ಇರುತ್ತದೆಯೇ? ವಜ್ರಗಳು ಮೂರು, ಫೆಬ್ರುವರಿ 29 ಇರುವುದಿಲ್ಲ.