ವೈರು ಬಿಚ್ಚದೆ ಕರೆಂಟ್ ಅಳೆಯುವ ಬಗೆ

ಯುಪಿಎಸ್ ಯಾಕೋ ಬೇಗ ಬರಿದಾಗುತ್ತಿದೆ ಎಂದು ಎಲೆಕ್ಟ್ರಿಷಿಯನ್ನರನ್ನು ಕರೆದಿದ್ದೀರಿ. ಅವರು ಬ್ಯಾಟರಿಯ ವೈರನ್ನು ಬಿಚ್ಚುವುದಿಲ್ಲ. ಇಕ್ಕಳದ ಹಾಗೆ ಬಾಯಿ ತೆರೆಯುವ ಕ್ಲಾಂಪ್ ಮೀಟರನ್ನು ಕೆಂಪು ವೈರಿನ ಸುತ್ತ ಮುಚ್ಚುತ್ತಾರೆ, ಪರದೆಯಲ್ಲಿ 10.3 ಆಂಪಿಯರ್ ಎಂದು ಮೂಡುತ್ತದೆ. ಬಳಿಕ ಮೀಟರನ್ನು ತೆಗೆದು, ತಿರುಗಿಸಿ, ಅದೇ ವೈರಿಗೆ ಮತ್ತೆ ಹಾಕುತ್ತಾರೆ. ಈಗ ಮೈನಸ್ 9.7. ವೈರಿನಲ್ಲಿ ಹರಿಯುವ ಕರೆಂಟ್ ಬದಲಾಗಿಲ್ಲ. ಹಾಗಾದರೆ ಅಂಕಿ ಯಾಕೆ ಬೇರೆಯಾಯಿತು?

ಎಸಿ ಮಾತ್ರ ಅಳೆಯುವ ಕ್ಲಾಂಪ್ ಮೀಟರಿನೊಳಗೆ ಇರುವುದು ತಂತಿಯ ಸುರುಳಿ. ಕಾಂತಕ್ಷೇತ್ರ ಏರಿಳಿದರೆ ಮಾತ್ರ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಬ್ಯಾಟರಿಯ ಕರೆಂಟ್ ಒಂದೇ ದಿಕ್ಕಿನದು, ಅದರ ಸುತ್ತಲಿನ ಕಾಂತಕ್ಷೇತ್ರವೂ ಸ್ಥಿರ. ಅಲ್ಲಿ ಸುರುಳಿ ಸುಮ್ಮನಿರುತ್ತದೆ. ಅದಕ್ಕೇ ಡಿಸಿ ಅಳೆಯುವ ಮೀಟರಿನ ಬಾಯಿಯಲ್ಲಿ ಹಾಲ್ ಸೆನ್ಸರ್ ಎಂಬ ಅರೆವಾಹಕದ ಚೂರೊಂದನ್ನು ಕೂರಿಸಿರುತ್ತಾರೆ.

ಹೆಸರು ಬಂದದ್ದು ಎಡ್ವಿನ್ ಹಾಲ್ ಅವರಿಂದ. 1879ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಅವರು ತೆಳುವಾದ ಚಿನ್ನದ ರೇಕಿನ ಉದ್ದಕ್ಕೂ ಕರೆಂಟ್ ಹರಿಸಿ, ಅದರ ಮುಖಕ್ಕೆ ನೇರವಾಗಿ ಕಾಂತಕ್ಷೇತ್ರ ಹಾಯಿಸಿದರು. ರೇಕಿನ ಎರಡು ಅಂಚುಗಳ ನಡುವೆ ಚಿಕ್ಕದೊಂದು ವೋಲ್ಟೇಜ್ ಕಂಡಿತು. ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷ ಬಾಕಿಯಿತ್ತು. ಒಳಗೆ ಏನಾಗುತ್ತದೆಂದು ನಾವಿಂದು ಸುಲಭವಾಗಿ ಹೇಳಬಹುದು: ಓಡುತ್ತಿರುವ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರ ಒಂದು ಅಂಚಿಗೆ ದೂಡುತ್ತದೆ. ಅಲ್ಲಿ ಗುಂಪುಗೂಡಿದವು ಹಿಂದೆ ಬರುವವನ್ನು ಎದುರು ದೂಡುತ್ತವೆ. ಎರಡೂ ದೂಡುವಿಕೆ ಸಮವಾದಾಗ ಅಂಚುಗಳ ನಡುವೆ ನಿಂತ ವೋಲ್ಟೇಜೇ ನಮಗೆ ಬೇಕಾದದ್ದು.

V = I × B ÷ (n × q × t)

I ಎಂದರೆ ಚೂರಿನಲ್ಲಿ ನಾವೇ ಹರಿಸುವ ಕರೆಂಟ್, B ಅದರ ಮುಖಕ್ಕೆ ಲಂಬವಾಗಿ ಬೀಳುವ ಕಾಂತಕ್ಷೇತ್ರ. ಇವೆರಡು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚುತ್ತದೆ. ಚೂರಿನ ದಪ್ಪ t ಹೆಚ್ಚಿದರೆ, ಅಥವಾ ಒಳಗಿನ ಎಲೆಕ್ಟ್ರಾನುಗಳ ದಟ್ಟಣೆ n ಹೆಚ್ಚಿದರೆ, ವೋಲ್ಟೇಜ್ ಕುಗ್ಗುತ್ತದೆ. q ಒಂದು ಎಲೆಕ್ಟ್ರಾನಿನ ವಿದ್ಯುದಾವೇಶ, ಅದು ಬದಲಾಗದು. ಎಲೆಕ್ಟ್ರಾನ್ ಕಡಿಮೆಯಿದ್ದರೆ ಒಳ್ಳೆಯದೆಂಬುದು ಮೊದಲಿಗೆ ವಿಚಿತ್ರವೆನಿಸುತ್ತದೆ. ಆದರೆ ಅಷ್ಟೇ ಕರೆಂಟನ್ನು ಕೆಲವೇ ಎಲೆಕ್ಟ್ರಾನುಗಳು ಹೊರಬೇಕಾದರೆ ಅವು ವೇಗವಾಗಿ ಓಡಲೇಬೇಕು, ವೇಗವಾಗಿ ಓಡಿದಷ್ಟೂ ಕಾಂತಕ್ಷೇತ್ರದ ದೂಡುವಿಕೆ ಜೋರು.

ಇದರಿಂದಲೇ ತಾಮ್ರ ಈ ಕೆಲಸಕ್ಕೆ ಬಾರದು. 0.1 ಮಿಲಿಮೀಟರ್ ದಪ್ಪದ ತಾಮ್ರದ ಹಾಳೆಯಲ್ಲಿ 1 ಆಂಪಿಯರ್ ಹರಿಸಿ, 1 ಟೆಸ್ಲಾದಷ್ಟು ಬಲವಾದ ಕ್ಷೇತ್ರದಲ್ಲಿಟ್ಟರೂ ಸಿಗುವುದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಿಮೆ. ಸೆನ್ಸರಿಗೆ ಹದಗೊಳಿಸಿದ ಸಿಲಿಕಾನಿನ ಒಂದು ಉದಾಹರಣೆ ನೋಡೋಣ: ತಾಮ್ರದಲ್ಲಿ 85 ಲಕ್ಷ ಎಲೆಕ್ಟ್ರಾನ್ ಇರುವ ಜಾಗದಲ್ಲಿ ಇದರಲ್ಲಿ ಒಂದೇ ಇದೆ, ದಪ್ಪ 5 ಮೈಕ್ರೋಮೀಟರ್. 1 ಮಿಲಿಆಂಪಿಯರ್ ಹರಿಸಿದರೆ ಸಾಕು, 1 ಟೆಸ್ಲಾಗೆ 125 ಮಿಲಿವೋಲ್ಟ್ ಬರುತ್ತದೆ.

ಆದರೆ ನಮ್ಮ ಬ್ಯಾಟರಿ ವೈರಿನ ಬಳಿ 1 ಟೆಸ್ಲಾ ಎಲ್ಲಿಂದ ಬರಬೇಕು? 10 ಆಂಪಿಯರ್ ಹರಿಯುವ ವೈರಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಕೇವಲ 0.2 ಮಿಲಿಟೆಸ್ಲಾ. ಅದಕ್ಕೇ ಮೀಟರಿನ ಬಾಯಿಯೊಳಗೆ ಕಬ್ಬಿಣದಂಥ ಕಾಂತೀಯ ವಸ್ತುವಿನ ಬಳೆಯಿದೆ. ಅದು ವೈರಿನ ಸುತ್ತಲಿನ ಕ್ಷೇತ್ರವನ್ನು ಒಗ್ಗೂಡಿಸಿ ಸಣ್ಣ ಸಂದಿಯೊಂದರ ಮೂಲಕ ಹಾಯಿಸುತ್ತದೆ, ಚೂರು ಕೂತಿರುವುದು ಆ ಸಂದಿಯಲ್ಲೇ. ಸಂದಿ 2 ಮಿಲಿಮೀಟರ್ ಇದ್ದರೆ ಕ್ಷೇತ್ರ ಸುಮಾರು 6.3 ಮಿಲಿಟೆಸ್ಲಾಗೆ ಏರುತ್ತದೆ. ಚೂರಿನಿಂದ ಬರುವುದು ಸುಮಾರು 0.8 ಮಿಲಿವೋಲ್ಟ್.

ತಪ್ಪು ನುಸುಳುವುದು ಇಲ್ಲಿಯೇ. ನಮ್ಮ ಚೂರಿನ ಉದ್ದ 100 ಮೈಕ್ರೋಮೀಟರ್, ಅದರ ಉದ್ದಕ್ಕೂ 1 ವೋಲ್ಟ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಎದುರುಬದುರು ಅಂಚುಗಳ ಸಂಪರ್ಕಬಿಂದುಗಳು 0.1 ಮೈಕ್ರೋಮೀಟರಿನಷ್ಟು ಹಿಂದೆಮುಂದೆ ಆಗಿದ್ದರೂ ಕಾಂತಕ್ಷೇತ್ರವೇ ಇಲ್ಲದೆ 1 ಮಿಲಿವೋಲ್ಟ್ ಕಾಣುತ್ತದೆ. ನಾವು ಅಳೆಯಹೊರಟದ್ದಕ್ಕಿಂತ ಅದೇ ದೊಡ್ಡದು! ಇದನ್ನು ತೊಡೆಯಲು ಎಂಜಿನಿಯರುಗಳು ಹೂಡಿದ ಉಪಾಯ ನನಗೆ ಬಹಳ ಮೆಚ್ಚುಗೆ. ಚೌಕಾಕಾರದ ಚೂರಿನಲ್ಲಿ ಕರೆಂಟನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸರದಿಯಂತೆ ಹರಿಸುತ್ತಾರೆ. ನಿಜವಾದ ಹಾಲ್ ವೋಲ್ಟೇಜ್ ಎರಡು ಸಲವೂ ಒಂದೇ ಚಿಹ್ನೆಯಲ್ಲಿ ಬರುತ್ತದೆ, ಸುಳ್ಳು ವೋಲ್ಟೇಜಿನ ಚಿಹ್ನೆ ತಿರುಗುಮುರುಗಾಗುತ್ತದೆ. ಸರಾಸರಿ ತೆಗೆದರೆ ಸುಳ್ಳಿನ ಬಹುಪಾಲು ಅಳಿದುಹೋಗುತ್ತದೆ.

ಅಷ್ಟಾದರೂ ಸ್ವಲ್ಪ ಉಳಿಯುತ್ತದೆ. ದೊಡ್ಡ ಕರೆಂಟ್ ಅಳೆದ ಮೇಲೆ ಬಳೆಯಲ್ಲಿ ಒಂದಿಷ್ಟು ಕಾಂತತೆ ಉಳಿದು, ಅದೂ ಜೊತೆ ಸೇರುತ್ತದೆ. ಮೀಟರನ್ನು ತಿರುಗಿಸಿ ಹಾಕಿದಾಗ ವೈರಿನ ಪಾಲು ಚಿಹ್ನೆ ಬದಲಿಸುತ್ತದೆ, ಮೀಟರಿಗೇ ಅಂಟಿಕೊಂಡ ಈ ಪಾಲು ಬದಲಿಸುವುದಿಲ್ಲ. ಹಾಗಾಗಿ 10.3 ಮತ್ತು 9.7ರ ಸರಾಸರಿ, 10 ಆಂಪಿಯರ್, ನಿಜವಾದ ಕರೆಂಟ್. ಉಳಿದ 0.3 ಮೀಟರಿನದು.

ಭೂಮಿಯ ಕಾಂತಕ್ಷೇತ್ರ ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ, ಏಕೆಂದರೆ ಮೀಟರ್ ತಿರುಗಿದಾಗ ಅದರ ಪಾಲೂ ಚಿಹ್ನೆ ಬದಲಿಸುತ್ತದೆ. ಅದಕ್ಕೆ ಝೀರೋ ಗುಂಡಿಯಿದೆ. ಬಾಯಿ ಖಾಲಿಯಿರಲಿ, ವೈರಿನಿಂದ ತುಸು ದೂರವಿರಲಿ, ಆದರೆ ಅಳೆಯುವಾಗ ಹೇಗೆ ಹಿಡಿಯುತ್ತೀರೋ ಅದೇ ದಿಕ್ಕಿಗೆ ಹಿಡಿದು ಗುಂಡಿಯನ್ನು ಒತ್ತಿ, ಆಮೇಲೆ ವೈರಿಗೆ ಹಾಕಿ.